ಒಂದು ದಿನ ಕಳೆದರೂ ಉತ್ತರವಿಲ್ಲ: ಇನ್ನೊಂದು ಇ-ಮೇಲೋ, ಫೋನೋ?

ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಪುಣೆಯ ಗಿರಾಕಿಯೊಬ್ಬರಿಂದ 400 ಶಾಫ್ಟ್‌ಗಳ ಆರ್ಡರ್ ಬಂದಿತ್ತು. ಪಿ.ಒ.ದಲ್ಲಿ ‘ಡ್ರಾಯಿಂಗ್ ರಿವಿಷನ್ ಸಿ’ ಎಂದು ಬರೆದಿದ್ದರು. ಆದರೆ ಅದರ ಜೊತೆ ಕಳಿಸಿದ ಡ್ರಾಯಿಂಗಿನ ಮೂಲೆಯಲ್ಲಿ ‘ರಿವಿಷನ್ ಬಿ’ ಎಂದಿತ್ತು. ಸಿ ಡ್ರಾಯಿಂಗ್ ನಮ್ಮ ಹತ್ತಿರ ಇರಲಿಲ್ಲ. ಬಿ ಮತ್ತು ಸಿ ನಡುವೆ ಏನು ಬದಲಾಗಿದೆ ಎಂಬುದು ಗೊತ್ತಾಗದೆ ಕಬ್ಬಿಣಕ್ಕೆ ಟೂಲ್ ಮುಟ್ಟಿಸುವಂತಿಲ್ಲ. ಸೋಮವಾರ ಬೆಳಿಗ್ಗೆ 11 ಗಂಟೆಗೆ ಅವರ ಪರ್ಚೇಸ್ ವಿಭಾಗದ ಅಧಿಕಾರಿಗೆ ಇ-ಮೇಲ್ ಕಳಿಸಿದೆ. ಮಂಗಳವಾರ 11 ಗಂಟೆಯಾದರೂ ಉತ್ತರ ಬರಲಿಲ್ಲ. ಮಾಲು ಶನಿವಾರ ಸಂಜೆ 5ರ ಲಾರಿಗೆ ಹೋಗಬೇಕು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ನಮ್ಮ ಸ್ವಭಾವವೇ ತೀರ್ಮಾನ ಮಾಡಿಬಿಡುತ್ತದೆ. ಸಂಕೋಚದವರು ‘ದಯವಿಟ್ಟು ಗಮನಿಸಿ’ ಎಂಬ ಒಂದು ಸಾಲಿನ ಮೇಲ್ ಹಾಕಿ ಕಾಯುತ್ತಾರೆ, ಆತುರದವರು ಆ ಕ್ಷಣವೇ ಫೋನ್ ಎತ್ತುತ್ತಾರೆ. ಡಿಸ್ಪ್ಯಾಚ್ ಮೇಜಿನಲ್ಲಿ ಕೂತು ಇಂಥ ಪತ್ರವ್ಯವಹಾರವನ್ನು ವರ್ಷಗಟ್ಟಲೆ ನೋಡಿಕೊಂಡಿರುವ ನನಗೆ ಇದು ಸ್ವಭಾವದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ ಎಂಬುದು ಖಚಿತವಾಗಿದೆ. ಆ ಲೆಕ್ಕ ಮಾಡುವುದು ಹೇಗೆ ಎಂಬುದನ್ನು ಈ ಶಾಫ್ಟ್ ಆರ್ಡರನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹಿಂದಿನಿಂದ ಎಣಿಸಿ

ಮೇಲ್ ಕಳಿಸಿ ಎಷ್ಟು ಹೊತ್ತಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. ಉತ್ತರ ಬಂದ ಮೇಲೆ ನಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಮುಖ್ಯ. ಹಾಗಾಗಿ ಲೆಕ್ಕವನ್ನು ಕೊನೆಯ ಗಡುವಿನಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಲಾರಿ ಶನಿವಾರ ಸಂಜೆ 5ಕ್ಕೆ. ಇನ್‌ಸ್ಪೆಕ್ಷನ್, ಎಣ್ಣೆ ಸವರುವುದು, ಪ್ಯಾಕಿಂಗ್ ಎಲ್ಲ ಸೇರಿ ಶನಿವಾರದ ಹಗಲು ಪೂರ್ತಿ ಬೇಕು. ಅಂದರೆ ಮೆಷಿನ್ ಕೆಲಸ ಶುಕ್ರವಾರ ರಾತ್ರಿ 10ಕ್ಕೆ ಮುಗಿದಿರಬೇಕು. ಒಂದು ಶಾಫ್ಟಿಗೆ 6 ನಿಮಿಷದಂತೆ 400 ಶಾಫ್ಟಿಗೆ 2,400 ನಿಮಿಷ, ಅಂದರೆ 40 ಗಂಟೆ. ನಮ್ಮಲ್ಲಿ ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ಹೀಗೆ ಎಂಟೆಂಟು ಗಂಟೆಯ ಎರಡು ಶಿಫ್ಟ್ ನಡೆಯುತ್ತದೆ. 40 ಗಂಟೆಗೆ ಐದು ಶಿಫ್ಟ್ ಬೇಕು. ಶುಕ್ರವಾರ ಎರಡು, ಗುರುವಾರ ಎರಡು, ಬುಧವಾರ ಮಧ್ಯಾಹ್ನದ್ದು ಒಂದು. ಅದಕ್ಕೂ ಮುಂಚೆ ಪ್ರೋಗ್ರಾಮ್ ಬರೆದು, ಟೂಲ್ ಸೆಟ್ಟಿಂಗ್ ಮಾಡಿ, ಫಸ್ಟ್ ಪೀಸ್ ಅಳೆದು ನೋಡಲು 4 ಗಂಟೆ ಹಿಡಿಯುತ್ತದೆ. ಹೀಗೆ ಎಣಿಸುತ್ತ ಬಂದರೆ ಬುಧವಾರ ಬೆಳಿಗ್ಗೆ 10 ಗಂಟೆಗೆ ಡ್ರಾಯಿಂಗ್ ಕೈಯಲ್ಲಿರಬೇಕು. ಪುಣೆಯ ಆಫೀಸು ಬುಧವಾರ ಬೆಳಿಗ್ಗೆ ತೆರೆದ ತಕ್ಷಣವೇ ನಮ್ಮ ಮೇಲ್‌ಗೆ ಉತ್ತರಿಸುತ್ತಾರೆ ಎಂದು ನಂಬುವಂತಿಲ್ಲ. ಆದ್ದರಿಂದ ನಿಜವಾದ ಗಡುವು ಮಂಗಳವಾರ ಸಂಜೆ 6.

ಮುಂದಿನ ಹೆಜ್ಜೆ, ಆ ವ್ಯಕ್ತಿ ಸಾಮಾನ್ಯವಾಗಿ ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ನೋಡುವುದು. ಇದಕ್ಕೆ ಊಹೆ ಬೇಕಿಲ್ಲ. ಅವರ ಹೆಸರನ್ನು ಮೇಲ್‌ನಲ್ಲಿ ಹುಡುಕಿ, ಹಿಂದಿನ ನಾಲ್ಕೈದು ಉತ್ತರಗಳ ಸಮಯವನ್ನು ನಮ್ಮ ಮೇಲ್‌ನ ಸಮಯದ ಜೊತೆ ಹೋಲಿಸಿದರೆ ಸಾಕು. ಈ ಅಧಿಕಾರಿಯ ಉತ್ತರಗಳು ಹೆಚ್ಚುಕಡಿಮೆ ಒಂದು ಕೆಲಸದ ದಿನಕ್ಕೆ ಬರುತ್ತಿದ್ದವು. ಅಂದರೆ ಮಂಗಳವಾರ 11ಕ್ಕೆ ಎರಡನೇ ಮೇಲ್ ಕಳಿಸಿದರೆ ಉತ್ತರ ಬುಧವಾರ 11ರ ಸುಮಾರಿಗೆ ಬರುತ್ತದೆ. ನಮಗೆ ಬೇಕಾದದ್ದು ಅದಕ್ಕೂ ಮುಂಚೆ.

ತೀರ್ಮಾನದ ಸೂತ್ರ ಇಷ್ಟೇ. ಗಡುವಿನ ಮೊದಲು ಆ ವ್ಯಕ್ತಿಯ ಉತ್ತರದ ಒಂದು ಪೂರ್ತಿ ಸುತ್ತಿಗೆ ಜಾಗವಿದ್ದು, ಸ್ವಲ್ಪ ಸಮಯ ಮಿಗುವಂತಿದ್ದರೆ ಎರಡನೇ ಮೇಲ್. ಒಂದು ಸುತ್ತಿಗೆ ಜಾಗವಿಲ್ಲದಿದ್ದರೆ ಫೋನ್. ಇದೇ ಲಾರಿ ಮುಂದಿನ ಬುಧವಾರಕ್ಕಿದ್ದಿದ್ದರೆ ನಾನು ಖಂಡಿತ ಎರಡನೇ ಮೇಲನ್ನೇ ಕಳಿಸುತ್ತಿದ್ದೆ.

ಆ ಒಂದು ದಿನದಲ್ಲಿ ಕೆಲಸದ ಗಂಟೆ ಎಷ್ಟು?

‘ಒಂದು ದಿನ ಆಯಿತು’ ಎನ್ನುವಾಗ ನಾವು ಗಡಿಯಾರದ 24 ಗಂಟೆ ಎಣಿಸುತ್ತೇವೆ. ಆಚೆಯವರಿಗೆ ಸಿಕ್ಕಿರುವುದು ಅವರ ಆಫೀಸಿನ ಗಂಟೆಗಳು ಮಾತ್ರ. ಸೋಮವಾರ 11ಕ್ಕೆ ಹೋದ ಮೇಲ್‌ಗೆ ಮಂಗಳವಾರ 11ರ ಹೊತ್ತಿಗೆ ಸುಮಾರು 8 ಕೆಲಸದ ಗಂಟೆ ಸಿಕ್ಕಿದೆ. ಅದೇ ಮೇಲ್ ಶುಕ್ರವಾರ ಸಂಜೆ 6ಕ್ಕೆ ಹೋಗಿದ್ದರೆ ಶನಿವಾರ ಸಂಜೆಯ ಹೊತ್ತಿಗೆ ಸಿಕ್ಕಿರುವುದು ಸೊನ್ನೆಯೂ ಇರಬಹುದು.

ಪುಣೆಯ ವಿಷಯದಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಪಿಂಪ್ರಿ, ಭೋಸರಿ ಭಾಗದ ಹಲವು ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಇದು ಗೊತ್ತಿಲ್ಲದವರು ಬುಧವಾರ ಸಂಜೆ ಮೇಲ್ ಕಳಿಸಿ ಗುರುವಾರ ಸಂಜೆ ‘ಒಂದಿಡೀ ದಿನ ಉತ್ತರ ಕೊಟ್ಟಿಲ್ಲ’ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಅಲ್ಲಿ ಆ ಮೇಲನ್ನು ನೋಡುವವರೇ ಇರಲಿಲ್ಲ. ಹಾಗೆಯೇ ನವೆಂಬರ್ 1 ನಮಗೆ ರಾಜ್ಯೋತ್ಸವದ ರಜೆ, ಅವರಿಗೆ ಮಾಮೂಲಿ ದಿನ. ಆರ್ಡರ್ ಬಂದ ದಿನವೇ ಗಿರಾಕಿಯ ವಾರದ ರಜೆ, ಆಫೀಸಿನ ವೇಳೆ ಕೇಳಿ ಅವರ ಫೋನ್ ನಂಬರಿನ ಪಕ್ಕದಲ್ಲೇ ಬರೆದಿಡುವುದು ನಮ್ಮಲ್ಲಿ ರೂಢಿ.

ರಜೆಯ ಕಾರಣಕ್ಕೆ ಉತ್ತರ ಬಂದಿಲ್ಲ ಎಂದರೆ ಎರಡನೇ ಮೇಲ್‌ನಿಂದ ಏನೂ ಆಗುವುದಿಲ್ಲ. ಗಡುವು ಆ ರಜೆಯನ್ನು ದಾಟಿ ಆರಾಮವಾಗಿದ್ದರೆ ಕಾಯಬಹುದು. ದಾಟದಿದ್ದರೆ ಮೊಬೈಲಿಗೆ ಫೋನ್ ಮಾಡುವುದೊಂದೇ ದಾರಿ. ಆಗ ರಜೆಯ ದಿನ ತೊಂದರೆ ಕೊಡುತ್ತಿರುವುದಕ್ಕೆ ಮೊದಲ ಮಾತಿನಲ್ಲೇ ಕ್ಷಮೆ ಕೇಳಬೇಕು.

ಮೇಲ್ ತಲುಪಿದೆಯೇ ಎಂದು ಹೇಗೆ ತಿಳಿಯುವುದು?

ಫೋನ್ ಎತ್ತುವ ಮುನ್ನ ಐದು ನಿಮಿಷ ನಮ್ಮ ಕಂಪ್ಯೂಟರಿನಲ್ಲೇ ಹುಡುಕಾಟ ಮಾಡಬೇಕು. ಮೌನಕ್ಕೆ ಕಾರಣ ನಮ್ಮ ಕಡೆಯೇ ಇರಬಹುದು.

ಮೊದಲು ಮೇಲ್ Sent ನಲ್ಲಿದೆಯೋ, Outbox ಅಥವಾ Drafts ನಲ್ಲೇ ಕೂತಿದೆಯೋ ನೋಡಿ. ಆಮೇಲೆ ವಿಳಾಸವನ್ನು ಒಂದೊಂದೇ ಅಕ್ಷರ ಓದಿ. ನಾವು ಹೆಸರಿನ ಮೊದಲೆರಡು ಅಕ್ಷರ ಒತ್ತಿದಾಗ ಕಂಪ್ಯೂಟರ್ ತಾನಾಗಿಯೇ ತುಂಬಿದ ವಿಳಾಸ, ಅದೇ ಹೆಸರಿನ ಇನ್ನೊಬ್ಬರದ್ದಾಗಿರುವುದು ಅಪರೂಪವಲ್ಲ. ಮೂರನೆಯದಾಗಿ ನಮ್ಮದೇ Spam ತೆರೆದು ನೋಡಿ. ಅವರ ಉತ್ತರ ಅಲ್ಲಿ ಬಿದ್ದಿರಬಹುದು. ಜಿಮೇಲ್‌ನಲ್ಲಿ Spam ಗೆ ಬಿದ್ದದ್ದು 30 ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತದೆ. ಯಾರೂ ನೋಡದಿದ್ದರೆ ಅದು ಬಂದಿತ್ತೆಂಬುದೂ ಗೊತ್ತಾಗುವುದಿಲ್ಲ.

‘ಮೇಲ್ ವಾಪಸ್ ಬಂದಿಲ್ಲ, ಹಾಗಾದರೆ ತಲುಪಿದೆ’ ಎಂದು ಅನೇಕರು ನಂಬಿರುತ್ತಾರೆ. ಒಂದು ದಿನದ ಮಟ್ಟಿಗೆ ಈ ನಂಬಿಕೆಗೆ ಆಧಾರವಿಲ್ಲ. ವಿಳಾಸವೇ ತಪ್ಪಿದ್ದರೆ Mailer-Daemon ಅಥವಾ Mail Delivery Subsystem ಹೆಸರಿನಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಆಚೆಯ ಸರ್ವರ್ ತಾತ್ಕಾಲಿಕವಾಗಿ ಮೇಲ್ ತೆಗೆದುಕೊಳ್ಳದಿದ್ದರೆ ನಮ್ಮ ಕಡೆಯ ಸರ್ವರ್ ಅದನ್ನು ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಇ-ಮೇಲ್ ಸಾಗಾಟದ ಎಸ್‌ಎಂಟಿಪಿ ನಿಯಮಾವಳಿಯ 2008ರ ಆವೃತ್ತಿಯ ಪ್ರಕಾರ ಹೀಗೆ ಕನಿಷ್ಠ 4-5 ದಿನ ಪ್ರಯತ್ನಿಸಿದ ಮೇಲೆಯೇ ಸರ್ವರ್ ಕೈಚೆಲ್ಲಬೇಕು. ನಡುವೆ ‘ತಡವಾಗುತ್ತಿದೆ’ ಎಂಬ ಸೂಚನೆ ಬರಬಹುದು, ಬಾರದೆಯೂ ಇರಬಹುದು. ಹಾಗಾಗಿ ಸೋಮವಾರದ ಮೇಲ್ ಮಂಗಳವಾರ ವಾಪಸ್ ಬಂದಿಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಲಗತ್ತಿಸಿದ ಕಡತದ ಭಾರವನ್ನೂ ಒಮ್ಮೆ ನೋಡಬೇಕು. ಜಿಮೇಲ್ 25 ಎಂ.ಬಿ. ತನಕ ಕಳಿಸಲು ಬಿಡುತ್ತದೆ. ಕಂಪನಿಗಳ ಸರ್ವರ್‌ಗಳು ಇದಕ್ಕಿಂತ ಕಡಿಮೆ ಮಿತಿ ಇಟ್ಟುಕೊಂಡಿರುವುದುಂಟು. ಮೇಲ್‌ನಲ್ಲಿ ಸಾಗುವಾಗ ಕಡತ ಅಕ್ಷರರೂಪಕ್ಕೆ ಬದಲಾಗಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ನಮ್ಮಲ್ಲಿ 8 ಎಂ.ಬಿ. ಇದ್ದದ್ದು ದಾರಿಯಲ್ಲಿ ಸುಮಾರು 11 ಎಂ.ಬಿ. ಆಗುತ್ತದೆ. 10 ಎಂ.ಬಿ. ಮಿತಿಯ ಸರ್ವರ್ ಅದನ್ನು ಒಳಗೆ ಬಿಡುವುದಿಲ್ಲ.

ಈ ಹುಡುಕಾಟದಿಂದ ತೀರ್ಮಾನಕ್ಕೆ ನೇರ ಸಹಾಯ ಸಿಗುತ್ತದೆ. ತಪ್ಪು ನಮ್ಮ ಕಡೆ ಕಂಡರೆ ಸರಿಪಡಿಸಿ ಮೇಲ್ ಕಳಿಸಬೇಕು. ಆದರೆ ಇದನ್ನು ಎರಡನೇ ಮೇಲ್ ಎಂದು ಎಣಿಸಬಾರದು, ಅವರ ಮಟ್ಟಿಗೆ ಇದೇ ಮೊದಲನೆಯದು. ಗಡುವು ಹತ್ತಿರವಿದ್ದರೆ ಜೊತೆಗೆ ಫೋನೂ ಬೇಕು. ನಮ್ಮ ಕಡೆ ಎಲ್ಲ ಸರಿಯಿದ್ದು, ಆಚೆಯ ಸರ್ವರ್ ಅಥವಾ ಅವರ ಸ್ಪ್ಯಾಮ್ ಜರಡಿ ಮೇಲನ್ನು ತಡೆದಿರಬಹುದೆಂಬ ಅನುಮಾನ ಬಂದರೆ ಎರಡನೇ ಮೇಲ್ ವ್ಯರ್ಥ. ಅದೇ ವಿಳಾಸದಿಂದ ಅದೇ ವಿಳಾಸಕ್ಕೆ ಹೋದ ಮೇಲ್ ಅದೇ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಂಪನಿಗೆ ನಾವು ಮೊದಲ ಬಾರಿ ಬರೆಯುತ್ತಿದ್ದರೆ ಈ ಅನುಮಾನ ಹೆಚ್ಚು, ಹಳೆಯ ಸರಪಳಿಯಲ್ಲೇ ಬರೆದಿದ್ದರೆ ಕಡಿಮೆ.

‘ನಾನು ರಜೆಯಲ್ಲಿದ್ದೇನೆ’ ಎಂಬ ಸ್ವಯಂ ಉತ್ತರ ಬಂದಿಲ್ಲ ಎಂದ ಮಾತ್ರಕ್ಕೆ ಅವರು ಆಫೀಸಿನಲ್ಲಿದ್ದಾರೆ ಎಂದೂ ತಿಳಿಯಬಾರದು. ಜಿಮೇಲ್ ಅಂಥ ಉತ್ತರವನ್ನು ಒಬ್ಬರಿಗೆ ಒಮ್ಮೆ ಕಳಿಸಿದ ಮೇಲೆ ನಾಲ್ಕು ದಿನದೊಳಗೆ ಮತ್ತೆ ಕಳಿಸುವುದಿಲ್ಲ. ಹಲವು ಆಫೀಸುಗಳಲ್ಲಿ ಅದನ್ನು ಒಳಗಿನವರಿಗೆ ಮಾತ್ರ ಹೋಗುವಂತೆ ಇಟ್ಟಿರುತ್ತಾರೆ. ಹೊರಗಿನವರಾದ ನಮಗೆ ಸಿಗುವುದು ಮೌನವೇ.

ಎರಡನೇ ಮೇಲ್ ಬರೆಯುವುದಾದರೆ

ಗಡುವಿಗೆ ಮೊದಲು ಒಂದು ಸುತ್ತಿಗೆ ಜಾಗವಿದೆ, ಮೇಲ್ ತಲುಪಿರುವ ಸಾಧ್ಯತೆ ಹೆಚ್ಚು, ಅವರು ಉತ್ತರಿಸಲು ಕಡತ ತೆರೆದು ಅಂಕಿ ನೋಡಬೇಕು ಅಥವಾ ಮೇಲಿನವರ ಒಪ್ಪಿಗೆ ಪಡೆಯಬೇಕು. ಈ ಸ್ಥಿತಿಯಲ್ಲಿ ಎರಡನೇ ಮೇಲ್ ಸರಿಯಾದ ಆಯ್ಕೆ. ಫೋನಿನಲ್ಲಿ ಕೇಳಿದರೆ ಅವರು ‘ನೋಡಿ ಹೇಳುತ್ತೇನೆ’ ಎನ್ನುವುದು ಬಿಟ್ಟು ಇನ್ನೇನೂ ಹೇಳಲಾರರು.

ಆದರೆ ಆ ಮೇಲ್ ಮೊದಲನೆಯದರ ಪ್ರತಿಯಾಗಬಾರದು. ನಮ್ಮ ಸೋಮವಾರದ ಮೇಲನ್ನು ಮತ್ತೆ ಓದಿದಾಗ ನನಗೊಂದು ತಪ್ಪು ಕಾಣಿಸಿತು. ವಂದನೆ, ಆರ್ಡರ್‌ಗೆ ಧನ್ಯವಾದ, ಮೆಟೀರಿಯಲ್ ಬಂದಿದೆ, ಟೆಸ್ಟ್ ಸರ್ಟಿಫಿಕೇಟ್ ಲಗತ್ತಿಸಿದೆ ಎಂಬುದೆಲ್ಲ ಮುಗಿದ ಮೇಲೆ ಏಳನೇ ಸಾಲಿನಲ್ಲಿ ಡ್ರಾಯಿಂಗ್ ಪ್ರಶ್ನೆ ಇತ್ತು. ವಿಷಯದ ಸಾಲಿನಲ್ಲಿ ಬರೀ ಪಿ.ಒ. ನಂಬರ್ ಇತ್ತು. ಮೊಬೈಲಿನಲ್ಲಿ ಓದುವವರಿಗೆ ಅದು ‘ಎಲ್ಲ ಸರಿಯಾಗಿದೆ’ ಎಂಬ ವರದಿಯಂತೆ ಕಂಡಿದ್ದರೆ ಅವರದ್ದು ತಪ್ಪಲ್ಲ.

ಎರಡನೇ ಮೇಲನ್ನು Sent ನಲ್ಲಿರುವ ನಮ್ಮದೇ ಮೇಲ್‌ಗೆ ಉತ್ತರವಾಗಿ ಬರೆಯಬೇಕು. ಆಗ ಹಳೆಯ ವಿವರ ಕೆಳಗೇ ಇರುತ್ತದೆ. ವಿಷಯದ ಸಾಲನ್ನು ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಸರಪಳಿಯಾಗಿ ತೋರಿಸುತ್ತದೆ. ಅವರು ಮೊದಲನೆಯದನ್ನು ಓದಿದ್ದರೆ ಸರಪಳಿ ಕತ್ತರಿಸುವುದು ಬೇಡ. ಮೊದಲನೆಯದು ನಮ್ಮದರಂತೆ ಗಮನಕ್ಕೇ ಬಾರದ ವಿಷಯದ ಸಾಲಿನಲ್ಲಿ ಹೋಗಿದ್ದರೆ ಬದಲಿಸುವುದೇ ಒಳ್ಳೆಯದು. ಲಾರಿ ಮುಂದಿನ ಬುಧವಾರಕ್ಕಿದ್ದಿದ್ದರೆ, ಯಾವ ಭಾಷೆಯಲ್ಲಿ ಬರೆದರೂ ಒಳಗಿನ ತಿರುಳು ಹೀಗಿರಬೇಕಿತ್ತು:

“ಮೇಡಂ, ಒಂದೇ ಪ್ರಶ್ನೆ. ಪಿ.ಒ.ದಲ್ಲಿ ರಿವಿಷನ್ ಸಿ ಇದೆ, ನಮಗೆ ಬಂದ ಡ್ರಾಯಿಂಗ್ ರಿವಿಷನ್ ಬಿ. ದಯವಿಟ್ಟು ಸಿ ಡ್ರಾಯಿಂಗ್ ಕಳಿಸಿ, ಅಥವಾ ಬಿ ಪ್ರಕಾರವೇ ಮಾಡಿ ಎಂದು ಬರೆದು ತಿಳಿಸಿ. ಉತ್ತರ ಗುರುವಾರ ಸಂಜೆ 4ರೊಳಗೆ ಬೇಕು. ಅಲ್ಲಿಯವರೆಗೆ ನಾವು ಕಟಿಂಗ್ ಶುರು ಮಾಡುವುದಿಲ್ಲ. ಅದಕ್ಕಿಂತ ತಡವಾದರೆ ಮಾಲು ಒಂದು ಲಾರಿ ಹಿಂದೆ ಬೀಳುತ್ತದೆ. ಗುರುವಾರ ಬೆಳಿಗ್ಗೆ 11ಕ್ಕೆ ನಾನೇ ಫೋನ್ ಮಾಡುತ್ತೇನೆ.”

ಇದರಲ್ಲಿ ಪ್ರಶ್ನೆ ಮೊದಲ ಸಾಲಿನಲ್ಲಿದೆ, ಉತ್ತರದ ಎರಡು ದಾರಿ ಸ್ಪಷ್ಟವಾಗಿದೆ, ಗಡುವಿಗೆ ದಿನವೂ ಗಂಟೆಯೂ ಇದೆ. ‘ಆದಷ್ಟು ಬೇಗ’ ಎಂದು ಬರೆದರೆ ಓದುವವರು ಅದನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಅಳೆದುಕೊಳ್ಳುತ್ತಾರೆ. ಕೊನೆಯ ಸಾಲು ಫೋನ್ ಕರೆಗೆ ಮುಂಚೆಯೇ ದಾರಿ ಮಾಡಿಡುತ್ತದೆ. ಗುರುವಾರ ಫೋನ್ ಹೋದಾಗ ಅದು ಅವರಿಗೆ ಅನಿರೀಕ್ಷಿತವಲ್ಲ.

ಉತ್ತರ ಬಾರದಿದ್ದರೆ ಏನು ಮಾಡುತ್ತೇವೆ ಎಂದು ಬರೆಯುವಾಗ ಎಚ್ಚರ ಬೇಕು. ‘ಉತ್ತರ ಬಾರದಿದ್ದರೆ ಬಿ ಪ್ರಕಾರ ಮಾಡುತ್ತೇವೆ’ ಎಂದು ಬರೆಯುವವರಿದ್ದಾರೆ. ಮೌನ ಸಮ್ಮತಿಯ ಲಕ್ಷಣ ಎಂಬ ಮಾತು ಮನೆಯ ವ್ಯವಹಾರಕ್ಕೆ ಸರಿಹೋಗಬಹುದು, ಕಾನೂನಿಗೆ ಅದು ಸಾಲದು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆಯನ್ನು ತಿಳಿಸಿರಬೇಕು. ಬರೀ ಸುಮ್ಮನಿದ್ದರು ಎಂಬುದನ್ನು ಒಪ್ಪಿಗೆ ಎಂದು ನಾವಾಗಿ ಅವರ ತಲೆಗೆ ಕಟ್ಟಲಾಗುವುದಿಲ್ಲ. ಆದ್ದರಿಂದ ನಷ್ಟವಾಗದ ಕಡೆಗೆ, ಅಂದರೆ ‘ಕೆಲಸ ನಿಲ್ಲಿಸಿ ಕಾಯುತ್ತೇವೆ’ ಎಂಬ ಕಡೆಗೆ ಮಾತನ್ನು ಕಟ್ಟಬೇಕು.

ಫೋನ್ ಮಾಡುವುದಾದರೆ

ನಮ್ಮ ಶಾಫ್ಟಿನ ಲೆಕ್ಕ ಫೋನ್ ಎಂದೇ ಹೇಳಿತ್ತು. ಕಾರ್ಖಾನೆಗಳಲ್ಲಿ ಬೆಳಗಿನ ಮೊದಲ ಗಂಟೆ ಪ್ರೊಡಕ್ಷನ್ ಮೀಟಿಂಗಿಗೆ ಹೋಗುತ್ತದೆ, ಒಂದರಿಂದ ಎರಡರ ನಡುವೆ ಊಟ. 11ರಿಂದ 12:30 ಮತ್ತು 3ರಿಂದ 5, ಇವೆರಡು ಒಳ್ಳೆಯ ವೇಳೆ. ಬೆಳಗಿನ ವೇಳೆಯಲ್ಲಿ ಮಾಡಿದರೆ ಅವರಿಗೆ ವಿಚಾರಿಸಿ ಉತ್ತರ ಕೊಡಲು ಮಧ್ಯಾಹ್ನ ಪೂರ್ತಿ ಉಳಿಯುತ್ತದೆ. ಸಂಜೆ 5:30ಕ್ಕೆ ಮಾಡಿದ ಕರೆ ಎಷ್ಟೇ ಚೆನ್ನಾಗಿ ನಡೆದರೂ ಉತ್ತರ ಮರುದಿನಕ್ಕೆ ಹೋಗುತ್ತದೆ.

ಗುರುತಿಲ್ಲದ ಮೊಬೈಲ್ ನಂಬರನ್ನು ಜನ ಎತ್ತುವುದು ಕಡಿಮೆ. ಹಾಗಾಗಿ ಅವರಿಗೆ ಪರಿಚಿತವಾದ ನಂಬರಿನಿಂದ, ಸಾಧ್ಯವಾದರೆ ನಮ್ಮ ಇನ್‌ವಾಯ್ಸ್ ಮೇಲೆ ಅಚ್ಚಾಗಿರುವ ಆಫೀಸ್ ನಂಬರಿನಿಂದಲೇ ಮಾಡಬೇಕು. ಎತ್ತದಿದ್ದರೆ ಅದರ ಬೆನ್ನಲ್ಲೇ ಐದಾರು ಸಲ ಒತ್ತುವುದು ಬೇಡ. ಯಾರು, ಯಾವ ಆರ್ಡರ್, ಏನು ಬೇಕು, ಎಷ್ಟು ಹೊತ್ತಿಗೆ ಎಂದು ಒಂದೇ ಸಾಲಿನ ವಾಟ್ಸಾಪ್ ಅಥವಾ ಎಸ್‌ಎಂಎಸ್ ಹಾಕಿ, ಮುಕ್ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ಆಗಲೂ ಸಿಗದಿದ್ದರೆ ಕಂಪನಿಯ ಬೋರ್ಡ್ ನಂಬರಿಗೆ ಫೋನ್ ಮಾಡಿ ‘ಅವರು ಇವತ್ತು ಬಂದಿದ್ದಾರಾ?’ ಎಂದು ಕೇಳಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ರಜೆಯಲ್ಲಿದ್ದರೆ ಅವರ ಕೆಲಸ ನೋಡಿಕೊಳ್ಳುತ್ತಿರುವವರು ಯಾರು ಎಂಬುದೂ ಅಲ್ಲೇ ಸಿಗುತ್ತದೆ. ಮೇಲಧಿಕಾರಿಗೆ ಹೋಗುವುದು ಕೊನೆಯ ಮೆಟ್ಟಿಲು. ಅಲ್ಲಿಯೂ ‘ಅವರು ಉತ್ತರ ಕೊಡುತ್ತಿಲ್ಲ’ ಎಂಬ ದೂರು ಬೇಡ, ‘ಅವರು ಸಿಗುತ್ತಿಲ್ಲ, ಈ ಡ್ರಾಯಿಂಗ್ ಯಾರನ್ನು ಕೇಳಲಿ?’ ಎಂದರೆ ಸಾಕು.

ಮಂಗಳವಾರ 11:15ಕ್ಕೆ ನಡೆದ ನಮ್ಮ ಮಾತು ಹೆಚ್ಚುಕಡಿಮೆ ಹೀಗಿತ್ತು.

“ನಮಸ್ಕಾರ ಮೇಡಂ, ಬೆಂಗಳೂರು ಪೀಣ್ಯದಿಂದ, 400 ಶಾಫ್ಟ್ ಆರ್ಡರ್ ವಿಷಯ. ಎರಡು ನಿಮಿಷ ಮಾತಾಡಬಹುದಾ?”

“ಹೇಳಿ.”

“ಪಿ.ಒ.ದಲ್ಲಿ ರಿವಿಷನ್ ಸಿ ಅಂತಿದೆ, ಸಿ ಫಾರ್ ಕಲ್ಕತ್ತಾ. ನಮಗೆ ಬಂದಿರೋ ಡ್ರಾಯಿಂಗ್ ಬಿ, ಬಿ ಫಾರ್ ಬಾಂಬೆ. ಸಿ ಡ್ರಾಯಿಂಗ್ ಇವತ್ತು ಸಂಜೆ 6ರೊಳಗೆ ಮೇಲ್‌ನಲ್ಲಿ ಬೇಕು ಮೇಡಂ. ನಾಳೆ 10 ಗಂಟೆಗೆ ಸೆಟ್ಟಿಂಗ್ ಶುರು ಮಾಡದಿದ್ದರೆ ಶನಿವಾರದ ಲಾರಿಗೆ ಮಾಲು ಆಗೋದಿಲ್ಲ.”

“ನಿಮ್ಮ ಮೇಲ್ ನಿನ್ನೆಯೇ ನೋಡಿದೆ. ಡಿಸೈನ್‌ನವರಿಗೆ ಕಳಿಸಿದ್ದೀನಿ, ಅವರಿಂದ ಇನ್ನೂ ಬಂದಿಲ್ಲ.”

“ಡಿಸೈನ್‌ನಲ್ಲಿ ಯಾರ ಹತ್ತಿರ ಇದೆ ಮೇಡಂ? ನೀವು ಹೇಳಿದಿರಿ ಅಂತ ನಾನೇ ಒಂದು ಮಾತು ಕೇಳಬಹುದಾ?”

ಅವರು ಹೆಸರು, ಎಕ್ಸ್‌ಟೆನ್ಷನ್ ಎರಡನ್ನೂ ಕೊಟ್ಟರು. ಅಷ್ಟು ಹೊತ್ತು ನಾನು ಆ ಅಧಿಕಾರಿ ನಮ್ಮ ಮೇಲನ್ನು ಕಡೆಗಣಿಸಿದ್ದಾರೆ ಎಂದುಕೊಂಡಿದ್ದೆ. ಅವರು ತಮ್ಮ ಕೆಲಸ ಮಾಡಿಯೇ ಇದ್ದರು, ತಡೆ ಇದ್ದದ್ದು ಒಂದು ಮೇಜು ಆಚೆಗೆ. ಎರಡನೇ ಮೇಲ್ ಹಾಕಿದ್ದರೆ ಅದು ತಡೆಯಿಲ್ಲದ ಮೇಜಿಗೇ ಮತ್ತೆ ಹೋಗುತ್ತಿತ್ತು. ತಡೆ ಎಲ್ಲಿದೆ ಎಂದು ತಿರುಗಿ ಕೇಳುವ ಅವಕಾಶ ಕೊಡುವುದು ಫೋನ್. ಅದರ ದೊಡ್ಡ ಉಪಯೋಗ ವೇಗಕ್ಕಿಂತಲೂ ಇದೇ ಎಂದು ನಾನು ತಿಳಿದಿದ್ದೇನೆ.

ಡಿಸೈನ್ ಎಂಜಿನಿಯರ್ ಮಧ್ಯಾಹ್ನ 3ಕ್ಕೆ ಸಿಕ್ಕರು. ಡ್ರಾಯಿಂಗ್ 4:20ಕ್ಕೆ ಮೇಲ್‌ನಲ್ಲಿ ಬಂತು. ಬಿ ಮತ್ತು ಸಿ ನಡುವೆ ಇದ್ದ ವ್ಯತ್ಯಾಸ ಒಂದೇ: ಸರ್ಕ್ಲಿಪ್ ಕೂರುವ ಗ್ರೂವ್ 3 ಮಿ.ಮೀ. ಸರಿದಿತ್ತು. ಒಮ್ಮೆ ಕೊರೆದ ಗ್ರೂವನ್ನು ಮತ್ತೆ ತುಂಬಲು ಬರುವುದಿಲ್ಲ. ಬಿ ಪ್ರಕಾರ ಮಾಡಿದ್ದರೆ 400ಕ್ಕೆ 400 ಸ್ಕ್ರ್ಯಾಪ್ ಆಗುತ್ತಿದ್ದವು.

ಮಾತನ್ನು ಬರಹಕ್ಕೆ ಇಳಿಸಿ

ಫೋನ್ ಇಟ್ಟ ಮೇಲೆ ಕೆಲಸ ಮುಗಿಯಿತು ಎಂದುಕೊಂಡು ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಹಲವು ವರ್ಷದ ಹಿಂದೆ ಬೇರೆ ಗಿರಾಕಿಯೊಬ್ಬರು ಫೋನಿನಲ್ಲಿ ಹೇಳಿದ ರಿವಿಷನ್ ಅಕ್ಷರ ನನಗೆ ‘ಡಿ’ ಎಂದು ಕೇಳಿಸಿತು, ಅವರು ಹೇಳಿದ್ದು ‘ಬಿ’. ಬರಹದಲ್ಲಿ ಏನೂ ಇರಲಿಲ್ಲ. ತಪ್ಪು ಗೊತ್ತಾಗುವ ಹೊತ್ತಿಗೆ 60 ಪೀಸ್ ಆಗಿಹೋಗಿದ್ದವು, ನಷ್ಟವನ್ನು ನಾವೇ ಭರಿಸಿದೆವು. ಬಿ, ಸಿ, ಡಿ, ಇ, ಜಿ, ಪಿ, ಟಿ ಎಲ್ಲವೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿಯೂ ಹಾಗೆಯೇ. ಅಂದಿನಿಂದ ಅಕ್ಷರಕ್ಕೆ ಊರಿನ ಹೆಸರು ಸೇರಿಸುತ್ತೇನೆ, ಅಂಕಿಯನ್ನು ‘ಒಂದು, ಐದು’ ಎಂದು ಬಿಡಿಬಿಡಿಯಾಗಿ ಹೇಳುತ್ತೇನೆ.

ಕರೆ ಮುಗಿದ ಹತ್ತು ನಿಮಿಷದೊಳಗೆ ಅದೇ ಸರಪಳಿಯಲ್ಲಿ ಒಂದು ಮೇಲ್ ಹೋಗಬೇಕು: ‘ಇಂದು 11:15ಕ್ಕೆ ಫೋನಿನಲ್ಲಿ ಮಾತಾಡಿದ ಪ್ರಕಾರ, ರಿವಿಷನ್ ಸಿ ಡ್ರಾಯಿಂಗ್ ಸಂಜೆ 6ರೊಳಗೆ ಬೇಕೆಂದು ಕೇಳಿದ್ದೇವೆ, ಅದು ಡಿಸೈನ್‌ನವರಿಂದ ಬರಬೇಕೆಂದು ಹೇಳಿದ್ದೀರಿ. ಅದು ಬಂದ ಮೇಲೆ ಕೆಲಸ ಶುರು ಮಾಡುತ್ತೇವೆ.’ ಇದಕ್ಕೆ ‘ಸರಿ’ ಎಂಬ ಒಂದು ಪದದ ಉತ್ತರ ಬಂದರೂ ಸಾಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಸೆಕ್ಷನ್ ಇಂಥ ವಿದ್ಯುನ್ಮಾನ ದಾಖಲೆಗೆ ಬರಹದ ಮಾನ್ಯತೆ ಕೊಡುತ್ತದೆ. ಮುಂದೆ ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿರುವುದು ಈ ಮೇಲ್.

ಹೀಗೆ ನೋಡಿದರೆ ಫೋನ್ ಮತ್ತು ಮೇಲ್ ಒಂದರ ಬದಲಿಗೆ ಇನ್ನೊಂದಲ್ಲ. ಗಮನವನ್ನು ಎಳೆದು ತರುವುದು ಫೋನಿನ ಕೆಲಸ, ಉತ್ತರವನ್ನು ಹೊತ್ತು ತರುವುದು ಮೇಲ್‌ನ ಕೆಲಸ. ಫೋನಿನಲ್ಲಿ ‘ಬಿ ಪ್ರಕಾರವೇ ಮಾಡಿ, ಆಮೇಲೆ ನೋಡೋಣ’ ಎಂದರೆ, ಬರಹದಲ್ಲಿ ಬರುವವರೆಗೆ ಮೆಷಿನ್ ಶುರುವಾಗಬಾರದು.

ಎರಡನೇ ಮೇಲ್ ಬರೆಯಲೇಬಾರದ ಒಂದು ಸಂದರ್ಭ

ಬ್ಯಾಂಕ್ ಖಾತೆ ಬದಲಾದ ವಿಷಯವಿದ್ದರೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ನಮಗೆ ಮಾಲು ಕೊಡುವವರಿಂದ ‘ಖಾತೆ ಬದಲಾಗಿದೆ, ಇನ್ನು ಮುಂದೆ ಹಣ ಇಲ್ಲಿಗೆ ಹಾಕಿ’ ಎಂಬ ಮೇಲ್ ಬಂದಿದೆ, ಖಚಿತಪಡಿಸಿ ಎಂದು ನಾವು ಬರೆದಿದ್ದೇವೆ, ಒಂದು ದಿನ ಮೌನ. ಇಲ್ಲಿ ಎರಡನೇ ಮೇಲ್ ಅಪಾಯಕಾರಿ. ಅವರ ಮೇಲ್ ಖಾತೆಯೇ ವಂಚಕರ ಕೈಯಲ್ಲಿದ್ದರೆ ‘ಹೌದು, ಖಾತೆ ಸರಿಯಾಗಿದೆ’ ಎಂದು ಉತ್ತರ ಕೊಡುವವರೂ ಆ ವಂಚಕರೇ. ಆ ಮೇಲ್‌ನ ಕೆಳಗೆ ಬರೆದಿರುವ ಫೋನ್ ನಂಬರೂ ಅವರದ್ದೇ ಇರಬಹುದು. ಹಳೆಯ ಇನ್‌ವಾಯ್ಸ್ ಅಥವಾ ನಮ್ಮ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ, ಪರಿಚಿತ ಧ್ವನಿಯಿಂದ ಖಾತೆಯ ಕೊನೆಯ ನಾಲ್ಕು ಅಂಕಿ ಕೇಳಿ ತಿಳಿಯುವವರೆಗೆ ಹಣ ಕಳಿಸಬಾರದು. ಕಳಿಸಿಬಿಟ್ಟ ಮೇಲೆ ಮೋಸ ಗೊತ್ತಾದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಮುಂದಿನ ಮೇಲ್ ಕಳಿಸುವಾಗಲೇ

ಈ ಪೇಚಾಟದ ಬಹುಪಾಲು ಮೊದಲ ಮೇಲ್‌ನಲ್ಲೇ ತಪ್ಪಿಸಬಹುದು. ತುರ್ತಿನ ಮೇಲ್ ಕಳಿಸುವ ಮುನ್ನವೇ ಗಡುವಿನಿಂದ ಹಿಂದಕ್ಕೆ ಎಣಿಸಿ, ಉತ್ತರ ಬೇಕಾದ ದಿನ ಮತ್ತು ಗಂಟೆಯನ್ನು ವಿಷಯದ ಸಾಲಿನಲ್ಲೇ ಬರೆಯಿರಿ. ಅದೇ ಹೊತ್ತಿಗೆ ನಿಮ್ಮ ಡೈರಿಯಲ್ಲಿ ಇನ್ನೊಂದು ಗಂಟೆ ಬರೆದಿಡಿ: ಅಷ್ಟರೊಳಗೆ ಉತ್ತರ ಬಾರದಿದ್ದರೆ ಫೋನ್ ಮಾಡುವ ಗಂಟೆ. ಆ ಗಂಟೆಯ ನಂತರವೂ ಅವರ ಕಡೆ ಅರ್ಧ ದಿನದ ಕೆಲಸದ ಸಮಯ ಉಳಿದಿರಬೇಕು. ನಮ್ಮ ಶಾಫ್ಟಿನ ಮೇಲ್‌ನಲ್ಲಿ ನಾನು ಇದನ್ನು ಮಾಡಿದ್ದರೆ ಸೋಮವಾರವೇ ‘ಮಂಗಳವಾರ 11ಕ್ಕೆ ಫೋನ್’ ಎಂದು ಡೈರಿಯಲ್ಲಿ ಇರುತ್ತಿತ್ತು, ಆ ಬೆಳಿಗ್ಗೆ ಏನು ಮಾಡಲಿ ಎಂದು ಯೋಚಿಸುತ್ತ ಕೂರಬೇಕಾಗಿರಲಿಲ್ಲ. ಗಂಟೆ ಬಂದಾಗ ಸಂಕೋಚ ಬೇಡ, ಫೋನ್ ಮಾಡಿ. ಮಾತು ಮುಗಿದ ಹತ್ತು ನಿಮಿಷದಲ್ಲಿ ಅದನ್ನು ಬರೆದು ಕಳಿಸಿ.